ಕಂತಿನ ಗಾಣ: ಬಾಡಿಗೆ ಖರೀದಿಯ ಲೆಕ್ಕ ಬರೆಯೋದು ಹೇಗೆ

(ಮಂಡ್ಯದಲ್ಲಿ ಒಂದು ಭಾನುವಾರ ಸಣ್ಣ ವ್ಯಾಪಾರಿಗಳು, ಆಲೆಮನೆ ನಡೆಸುವವರು ಮತ್ತು ಒಂದಷ್ಟು ಬಿ.ಕಾಂ. ಹುಡುಗರ ಮುಂದೆ ಆಡಿದ ಮಾತು. ಬೋರ್ಡಿನ ಮೇಲೆ ಬರೆದದ್ದನ್ನು ಸೇರಿಸಿದ್ದೇನೆ, ಮಧ್ಯೆ ಕಾಫಿಗೆ ಎದ್ದು ಹೋದದ್ದನ್ನು ಬಿಟ್ಟಿದ್ದೇನೆ.)

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡ್ತೀನಿ. ಲೆಕ್ಕ ಬರೆಯೋ ಕೆಲಸಕ್ಕೆ ಹೊಸದಾಗಿ ಇಳಿದಿದ್ದೆ. ಒಬ್ಬರು ಆಲೆಮನೆ ಯಜಮಾನರು ಕಂತಿನ ಮೇಲೆ ಹೊಸ ಗಾಣ ತಂದಿದ್ದರು. ವರ್ಷದ ಕೊನೆಗೆ ರಸೀತಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಕೊಟ್ಟರು. ನಾನು ಏನು ಮಾಡಿದೆ? ಮುಂಗಡ ಕಟ್ಟಿದ್ದು, ಕಂತು ಕಟ್ಟಿದ್ದು, ಎಲ್ಲವನ್ನೂ ಸೇರಿಸಿ "ಗಾಣದ ಕಂತು" ಅಂತ ಒಂದು ಖರ್ಚಿನ ಖಾತೆ ತೆಗೆದು ಅದಕ್ಕೆ ಬರೆದುಬಿಟ್ಟೆ. ದುಡ್ಡು ಹೋಗಿದೆ, ರಸೀತಿ ಇದೆ, ಖರ್ಚು ಅಲ್ವಾ ಅಂತ. ಆ ವರ್ಷ ಬೆಲ್ಲಕ್ಕೆ ಒಳ್ಳೆ ರೇಟಿತ್ತು, ಆದರೂ ನನ್ನ ಲೆಕ್ಕದಲ್ಲಿ ಅವರಿಗೆ ಲಾಭ ಅಂತ ಹೆಚ್ಚೇನೂ ಉಳಿಯಲಿಲ್ಲ. ಆಸ್ತಿಯ ಪಟ್ಟಿಯಲ್ಲಂತೂ ಗಾಣವೇ ಇಲ್ಲ. ಅವರು ಆ ಕಾಗದ ಹಿಡಿದುಕೊಂಡು ಸಾಲಕ್ಕೆ ಹೋದರೆ, ಅಲ್ಲಿದ್ದವರು "ಗಾಣವೇ ಇಲ್ಲದೆ ನೀವು ಕಬ್ಬು ಹೇಗೆ ಅರೆದಿರಿ?" ಅಂತ ಕೇಳಿದರಂತೆ. ವಾಪಸ್ ಬಂದು ನನ್ನನ್ನ ಬೈಯಲಿಲ್ಲ, ಸುಮ್ನೆ ಎದುರಿಗೆ ಕೂತು ಒಂದು ಲೋಟ ಮಜ್ಜಿಗೆ ಕುಡಿದರು. ಬೈದಿದ್ದರೇ ವಾಸಿ ಇತ್ತು.

ಇವತ್ತು ಆ ಗಾಣದ ಲೆಕ್ಕವನ್ನೇ ಸರಿಯಾಗಿ ಬರೆಯೋಣ. ಅಂಕಿಗಳು ಅವರವಲ್ಲ, ಬೋರ್ಡಿನ ಮೇಲೆ ಸಲೀಸಾಗಿ ಕಳೆಯೋಕೆ ಬರಲಿ ಅಂತ ನಾನೇ ಕಟ್ಟಿಕೊಂಡವು. ಕೊಂಡವನ ಪುಸ್ತಕ ಮಾತ್ರ ನೋಡೋಣ. ಮಾರಿದವನ ಪುಸ್ತಕದ ಕಥೆಯೇ ಬೇರೆ, ಅದನ್ನ ಇದಕ್ಕೆ ಬೆರೆಸಿದರೆ ಎರಡೂ ತಲೆಗೆ ಹೋಗಲ್ಲ.

ಬಾಡಿಗೆ ಖರೀದಿ ಅಂದರೆ ಹೆಸರಲ್ಲೇ ಎರಡು ಮಾತಿದೆ. ಕೊನೆಯ ಕಂತು ಕಟ್ಟೋವರೆಗೂ ಅದು ಬಾಡಿಗೆ. ಕಟ್ಟಿದ ಮೇಲೆ ಖರೀದಿ. ನಡುವಿನ ಕಾಲದಲ್ಲಿ ಗಾಣ ನಿಮ್ಮ ಆಲೆಮನೆಯಲ್ಲಿ ತಿರುಗುತ್ತಾ ಇರುತ್ತೆ, ಕೆಟ್ಟರೆ ರಿಪೇರಿ ನಿಮ್ಮದು, ಆದರೆ ಒಡೆತನ ಮಾರಿದವನದು. ಕಂತು ತಪ್ಪಿದರೆ ಅವನು ಎತ್ತಿಕೊಂಡು ಹೋಗಬಹುದು. ನಿಮಗೆ ಬೇಡ ಅನ್ನಿಸಿದರೆ ನೀವೂ ಅಲ್ಲಿವರೆಗಿನದು ತೀರಿಸಿ ವಾಪಸ್ ಕೊಡಬಹುದು. ಇನ್ನೊಂದಿದೆ, ಕಂತಿನ ಮಾರಾಟ ಅಂತ. ಅದರಲ್ಲಿ ಒಡೆತನ ಮೊದಲ ದಿನವೇ ನಿಮಗೆ ಬರುತ್ತೆ, ಕಂತು ತಪ್ಪಿದರೆ ಅವನು ಬಾಕಿಗೆ ದಾವೆ ಹಾಕಬೇಕು, ವಸ್ತು ಎತ್ತೋ ಹಾಗಿಲ್ಲ.

ಈ ಒಡೆತನದ ಮಾತು ಹಳೆಯದು. 1895ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಮುಂದೆ ಹೆಲ್ಬಿ ಮತ್ತು ಮ್ಯಾಥ್ಯೂಸ್ ಅನ್ನೋರ ಕೇಸು ಬಂತು. ಒಬ್ಬ ಮನುಷ್ಯ ಹೆಲ್ಬಿ ಹತ್ತಿರ ತಿಂಗಳ ಕಂತಿನ ಮೇಲೆ ಪಿಯಾನೊ ತಂದು, ಕಂತು ಮುಗಿಯೋ ಮೊದಲೇ ಅದನ್ನ ಮ್ಯಾಥ್ಯೂಸ್ ಹತ್ತಿರ ಗಿರವಿ ಇಟ್ಟುಬಿಟ್ಟ. ಅವನಿಗೆ ಕೊಳ್ಳೋ ಆಯ್ಕೆ ಇತ್ತು, ಕೊಳ್ಳಲೇಬೇಕು ಅನ್ನೋ ಕಟ್ಟುಪಾಡು ಇರಲಿಲ್ಲ, ಹಾಗಾಗಿ ಪಿಯಾನೊ ಹೆಲ್ಬಿಯದೇ ಅಂತ ತೀರ್ಪಾಯಿತು. ನಮ್ಮಲ್ಲಿ 1972ರಲ್ಲಿ ಬಾಡಿಗೆ ಖರೀದಿಗೆ ಅಂತಲೇ ಒಂದು ಕಾಯ್ದೆ ಪಾಸಾಯಿತು. ತಮಾಷೆ ಏನಂದರೆ ಅದು ಜಾರಿಗೆ ಬರಲೇ ಇಲ್ಲ, 2005ರಲ್ಲಿ ಅದನ್ನ ರದ್ದೂ ಮಾಡಿದರು. ಹುಟ್ಟಿ, ಓಡಾಡದೆ ಹೋದ ಕಾಯ್ದೆ. ಈಗಲೂ ಕರಾರಿನಲ್ಲಿ ಏನು ಬರೆದಿದೆ ಅನ್ನೋದೇ ಮುಖ್ಯ.

ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಇಲ್ಲೇ ಕೈ ಎತ್ತಿದರು. "ಸಾ, ಗಾಣ ಅವ್ನದು ಅಂತೀರಿ. ಮತ್ತೆ ನಮ್ ಪುಸ್ತಕದಾಗೆ ಯಾಕ್ ಬರೀಬೇಕು?"

ಒಳ್ಳೆ ಪ್ರಶ್ನೆ ಗೌಡ್ರೇ, ನನ್ನ ತಪ್ಪು ಹುಟ್ಟಿದ್ದೂ ಅಲ್ಲೇ. ಲೆಕ್ಕದಲ್ಲಿ ಕಾಗದದ ಮೇಲೆ ಯಾರ ಹೆಸರಿದೆ ಅನ್ನೋದಕ್ಕಿಂತ ವಸ್ತುವನ್ನ ಯಾರು ದುಡಿಸಿಕೊಳ್ತಾ ಇದ್ದಾರೆ, ಅದು ಸವೆದರೆ ನಷ್ಟ ಯಾರಿಗೆ ಅನ್ನೋದನ್ನ ನೋಡ್ತೀವಿ. ಗಾಣ ಅರೆಯೋದು ನಿಮ್ಮ ಕಬ್ಬು. ಬರೋ ಬೆಲ್ಲದ ದುಡ್ಡು ನಿಮ್ಮದು. ಹಲ್ಲು ಸವೆದರೆ ಬದಲಾಯಿಸೋರು ನೀವು. ಆದ್ದರಿಂದ ಗಾಣ ನಿಮ್ಮ ಆಸ್ತಿ ಅಂತಲೇ ಬರೀತೀವಿ, ಜೊತೆಗೇ ಅಷ್ಟು ಬಾಕಿ ಇದೆ ಅಂತಾನೂ ಬರೀತೀವಿ. ಎರಡನ್ನೂ ತೋರಿಸಿದರೆ ಯಾರಿಗೂ ಮೋಸ ಆಗಲ್ಲ.

ಈಗ ಬೋರ್ಡಿಗೆ ಬನ್ನಿ. 2022ರ ಏಪ್ರಿಲ್ 1ಕ್ಕೆ ಗಾಣ ಬಂತು. ಪೂರ್ತಿ ದುಡ್ಡು ಒಂದೇ ಸಲ ಕೊಟ್ಟಿದ್ದರೆ ಬೆಲೆ 4,00,000 ರೂಪಾಯಿ. ಇದು ನಗದು ಬೆಲೆ. ಆದರೆ ಯಜಮಾನರು ಕೈಯಿಂದ ಕೊಟ್ಟಿದ್ದು 69,000. ಉಳಿದಿದ್ದು 3,31,000. ಅದಕ್ಕೆ ವರ್ಷಕ್ಕೆ ನೂರಕ್ಕೆ 10 ಬಡ್ಡಿ. ಕಬ್ಬು ಅರೆದು ಮುಗಿಯೋ ಹೊತ್ತಿಗೆ, ಅಂದರೆ ಪ್ರತಿ ಮಾರ್ಚ್ 31ಕ್ಕೆ, 1,33,100ರಂತೆ ಮೂರು ಕಂತು. ನಿಜ ಜೀವನದಲ್ಲಿ ಕಂತು ತಿಂಗಳಿಗೊಂದು ಇರುತ್ತೆ, ಗೊತ್ತು. ಆದರೆ 36 ಸಾಲು ಬರೆದರೆ ನೀವು ಎದ್ದು ಹೋಗ್ತೀರಿ, ಲೆಕ್ಕದ ರೀತಿ ಮೂರಕ್ಕೂ ಮೂವತ್ತಾರಕ್ಕೂ ಒಂದೇ.

ಕೂಡಿ ನೋಡಿ. 69,000ಕ್ಕೆ ಮೂರು ಕಂತು ಸೇರಿಸಿದರೆ 4,68,300. ನಗದು ಬೆಲೆಗಿಂತ 68,300 ಜಾಸ್ತಿ. ಆ ಜಾಸ್ತಿ ಗಾಣದ ಬೆಲೆ ಅಲ್ಲ, ಕಾಯೋದಕ್ಕೆ ಕೊಟ್ಟ ಬಡ್ಡಿ. ಮೂರು ವರ್ಷದ ಲೆಕ್ಕವೆಲ್ಲ ಈ 68,300 ಯಾವ ವರ್ಷಕ್ಕೆ ಎಷ್ಟು ಸೇರಬೇಕು ಅನ್ನೋದರ ಮೇಲೆ ನಿಂತಿದೆ.

ಬಡ್ಡಿ ಯಾವುದರ ಮೇಲೆ? ಬಾಕಿ ಉಳಿದಿರೋ ಅಸಲಿನ ಮೇಲೆ. ಮೊದಲ ವರ್ಷ ಪೂರ್ತಿ 3,31,000 ಬಾಕಿ ಇತ್ತು, ಬಡ್ಡಿ 33,100. ಕಟ್ಟಿದ ಕಂತು 1,33,100. ಅದರಲ್ಲಿ ಬಡ್ಡಿ ತೆಗೆದರೆ ಅಸಲಿಗೆ ಹೋಗಿದ್ದು ಸರಿಯಾಗಿ ಒಂದು ಲಕ್ಷ. ಉಳಿದ ಬಾಕಿ 2,31,000. ಎರಡನೇ ವರ್ಷದ ಬಡ್ಡಿ ಇದರ ಮೇಲೆ ಮಾತ್ರ. ಹೀಗೆ:

| ವರ್ಷದ ಕೊನೆ | ಮೊದಲ ಬಾಕಿ | ಬಡ್ಡಿ | ಕಂತು | ಅಸಲಿಗೆ | ಉಳಿದ ಬಾಕಿ |
|---|---|---|---|---|---|
| ಮಾರ್ಚ್ 2023 | 3,31,000 | 33,100 | 1,33,100 | 1,00,000 | 2,31,000 |
| ಮಾರ್ಚ್ 2024 | 2,31,000 | 23,100 | 1,33,100 | 1,10,000 | 1,21,000 |
| ಮಾರ್ಚ್ 2025 | 1,21,000 | 12,100 | 1,33,100 | 1,21,000 | 0 |

ಕಂತು ಮೂರು ಸಲವೂ ಒಂದೇ. ಆದರೆ ಅದರ ಹೊಟ್ಟೆಯೊಳಗಿನ ಪಾಲು ವರ್ಷ ವರ್ಷ ಬದಲಾಗ್ತಾ ಹೋಗುತ್ತೆ, ಬಡ್ಡಿ ಇಳಿಯುತ್ತೆ, ಅಸಲು ಏರುತ್ತೆ. ಕೊನೆಗೆ ಬಾಕಿ ಸೊನ್ನೆ ಆಗಬೇಕು. ಆಗಲಿಲ್ಲ ಅಂದರೆ ಬಡ್ಡಿ ದರ ತಪ್ಪು, ಇಲ್ಲ ನಗದು ಬೆಲೆ ತಪ್ಪು, ಇಲ್ಲ ಕಳೆಯೋದರಲ್ಲಿ ತಪ್ಪು. ಎರಡು ಮೂರು ರೂಪಾಯಿ ಉಳಿದರೆ ಅದು ಪೈಸೆ ದುಂಡಗೆ ಮಾಡಿದ್ದರಿಂದ ಬಂದದ್ದು, ಕೊನೆ ವರ್ಷದ ಬಡ್ಡಿಗೆ ಸೇರಿಸಿಬಿಡಿ. ಸಾವಿರ ಉಳಿದರೆ ಸೇರಿಸಬೇಡಿ, ಮತ್ತೆ ಮೇಲಿಂದ ನೋಡಿ.

ಈಗ ಪುಸ್ತಕ. ಗಾಣ ಬಂದ ದಿನ ಎರಡು ನಮೂದು. ಗಾಣದ ಖಾತೆಗೆ 4,00,000 ಡೆಬಿಟ್, ಮಾರಿದವನ ಖಾತೆಗೆ ಅಷ್ಟೇ ಕ್ರೆಡಿಟ್. ಆಮೇಲೆ ಕೊಟ್ಟ ಮುಂಗಡಕ್ಕೆ ಮಾರಿದವನ ಖಾತೆಗೆ 69,000 ಡೆಬಿಟ್, ಬ್ಯಾಂಕ್ ಖಾತೆಗೆ ಕ್ರೆಡಿಟ್. ಗಾಣದ ಖಾತೆಗೆ 4,68,300 ಬರೆಯೋದು ನಾನು ಜಾಸ್ತಿ ನೋಡಿರೋ ತಪ್ಪು. ಹಾಗೆ ಬರೆದರೆ ಬಡ್ಡಿಯೂ ಕಬ್ಬಿಣದ ಜೊತೆ ಸೇರಿ ಆಸ್ತಿ ಆಗಿಬಿಡುತ್ತೆ, ಅದರ ಮೇಲೆ ಸವಕಳಿಯನ್ನೂ ತೆಗೀತೀರಿ, ಬಾಕಿಯೂ ಮೊದಲ ದಿನವೇ 3,99,300 ಅಂತ ಕಾಣುತ್ತೆ. ಇನ್ನೂ ಹುಟ್ಟದ ಬಡ್ಡಿಯನ್ನ ಇವತ್ತೇ ಸಾಲ ಅಂತ ಹೇಗೆ ಬರೆಯೋದು?

ವರ್ಷದ ಕೊನೆಗೆ, 2023ರ ಮಾರ್ಚ್ 31ಕ್ಕೆ, ಈ ಕ್ರಮದಲ್ಲಿ ಬರೆಯಿರಿ. ಮೊದಲು ಬಡ್ಡಿ, ಆಮೇಲೆ ಕಂತು, ಆಮೇಲೆ ಸವಕಳಿ.

```
ಬಡ್ಡಿ ಖಾತೆ            ಡೆಬಿಟ್    33,100
   ಮಾರಿದವನ ಖಾತೆ       ಕ್ರೆಡಿಟ್             33,100

ಮಾರಿದವನ ಖಾತೆ         ಡೆಬಿಟ್  1,33,100
   ಬ್ಯಾಂಕ್ ಖಾತೆ        ಕ್ರೆಡಿಟ್           1,33,100

ಸವಕಳಿ ಖಾತೆ           ಡೆಬಿಟ್    60,000
   ಗಾಣದ ಖಾತೆ          ಕ್ರೆಡಿಟ್             60,000

ಲಾಭ-ನಷ್ಟ ಖಾತೆ        ಡೆಬಿಟ್    93,100
   ಬಡ್ಡಿ ಖಾತೆ          ಕ್ರೆಡಿಟ್             33,100
   ಸವಕಳಿ ಖಾತೆ         ಕ್ರೆಡಿಟ್             60,000
```

ಕಂತಿನ ನಮೂದು ನೋಡಿ. ಕಂತು ಲಾಭ-ನಷ್ಟಕ್ಕೆ ಹೋಗಲೇ ಇಲ್ಲ. ಅದು ಸಾಲ ತೀರಿಸಿದ್ದು ಅಷ್ಟೇ. ಖರ್ಚು ಅಂತ ಹೋಗಿದ್ದು ಎರಡೇ, ಬಡ್ಡಿ ಮತ್ತು ಸವಕಳಿ. ಒಟ್ಟು 93,100. ನಾನು ಆ ಕಾಲದಲ್ಲಿ ಮಾಡಿದ ಹಾಗೆ ಮುಂಗಡ, ಕಂತು ಎರಡನ್ನೂ ಖರ್ಚಿಗೆ ಬರೆದಿದ್ದರೆ 2,02,100 ಆಗ್ತಿತ್ತು. ಅಂದರೆ ಲಾಭ 1,09,000 ಕಡಿಮೆ. ಈ 1,09,000 ನೆನಪಿಟ್ಟುಕೊಳ್ಳಿ, ಇನ್ನೊಂದು ಕಡೆ ಸಿಗುತ್ತೆ.

ಸವಕಳಿಯನ್ನ 15 ಪರ್ಸೆಂಟು, ಉಳಿದ ಬೆಲೆಯ ಮೇಲೆ ಅಂತ ಹಿಡಿದಿದ್ದೇನೆ. ಮೊದಲ ವರ್ಷ 4,00,000ಕ್ಕೆ 60,000. ಎರಡನೇ ವರ್ಷ 3,40,000ಕ್ಕೆ 51,000. ಮೂರನೇ ವರ್ಷ 2,89,000ಕ್ಕೆ 43,350. ಕಂತೆಲ್ಲ ಮುಗಿದ ದಿನ ಪುಸ್ತಕದಲ್ಲಿ ಗಾಣದ ಬೆಲೆ 2,45,650. ಇಲ್ಲಿ ಒಬ್ಬ ಹುಡುಗ ಕೇಳಿದ, "ಸಾರ್, ದುಡ್ಡು ಕಟ್ಟಿರೋದು 69,000, ಸವಕಳಿ ಮಾತ್ರ ಪೂರ್ತಿ ನಾಲ್ಕು ಲಕ್ಷದ ಮೇಲಾ?" ಹೌದಪ್ಪ. ಕಂತು ಬಾಕಿ ಇದೆ ಅಂತ ಗಾಣ ಅರ್ಧ ಮಾತ್ರ ಸವೆಯುತ್ತಾ? ಪೂರ್ತಿ ಗಾಣ ತಿರುಗುತ್ತೆ, ಪೂರ್ತಿ ಸವೆಯುತ್ತೆ.

ಆಯವ್ಯಯ ಅಲ್ಲ, ಆಸ್ತಿ-ಹೊಣೆ ಪಟ್ಟಿಯಲ್ಲಿ ಇದನ್ನ ಹೇಗೆ ತೋರಿಸೋದು? ಮೊದಲ ವರ್ಷದ ಕೊನೆಗೆ ಗಾಣ 3,40,000 ಅಂತ ಆಸ್ತಿ ಕಡೆ, ಮಾರಿದವನಿಗೆ ಬಾಕಿ 2,31,000 ಅಂತ ಹೊಣೆ ಕಡೆ. ಕೆಲವರು ಆಸ್ತಿ ಕಡೆಯಲ್ಲೇ ಗಾಣದ ಕೆಳಗೆ ಬಾಕಿಯನ್ನ ಕಳೆದು 1,09,000 ಅಂತ ತೋರಿಸ್ತಾರೆ. ಪಕ್ಕದಲ್ಲಿ "ಬಾಡಿಗೆ ಖರೀದಿಯ ಮೇಲೆ" ಅಂತ ಬರೆದಿರಬೇಕು, ಒಡೆತನ ಇನ್ನೂ ಬಂದಿಲ್ಲ ಅಂತ ಓದೋರಿಗೆ ತಿಳಿಯಬೇಕಲ್ಲ.

ಅದೇ 1,09,000 ಮತ್ತೆ ಸಿಕ್ಕಿತು ನೋಡಿ. ಆಕಸ್ಮಿಕ ಅಲ್ಲ. ಗಾಣಕ್ಕೆ ಅಂತ ಕೊಟ್ಟ ಅಸಲು ಇಲ್ಲಿವರೆಗೆ 69,000 ಮತ್ತು 1,00,000, ಒಟ್ಟು 1,69,000. ಅದರಲ್ಲಿ 60,000 ಸವೆದುಹೋಯಿತು. ಉಳಿದಿದ್ದು 1,09,000. ಇನ್ನೂ ಕೈಯಲ್ಲಿರೋ ಈ ಪಾಲನ್ನೇ ನಾನು ಆ ಕಾಲದಲ್ಲಿ ಖರ್ಚು ಅಂತ ಬರೆದು ಕಾಣೆ ಮಾಡಿದ್ದೆ.

ಪಠ್ಯಪುಸ್ತಕದಲ್ಲಿ ಇನ್ನೊಂದು ವಿಧಾನ ಇದೆ, ಕಟ್ಟಿದ ಅಸಲಿನಷ್ಟನ್ನ ಮಾತ್ರ ಆಗಾಗ ಗಾಣದ ಖಾತೆಗೆ ಸೇರಿಸ್ತಾ ಹೋಗೋದು. ಮೊದಲು 69,000, ಆಮೇಲೆ 1,00,000, 1,10,000, 1,21,000. ಸವಕಳಿ ಮಾತ್ರ ಆಗಲೂ ಪೂರ್ತಿ ನಗದು ಬೆಲೆಯ ಲೆಕ್ಕದಲ್ಲೇ. ಅದರಲ್ಲೂ ಮೊದಲ ವರ್ಷದ ಕೊನೆಗೆ ಗಾಣದ ಖಾತೆಯಲ್ಲಿ ಉಳಿಯೋದು 1,09,000. ಪರೀಕ್ಷೆಗೆ ಬರೆಯೋರು ಕಲಿತುಕೊಳ್ಳಿ. ಅಂಗಡಿ ಲೆಕ್ಕಕ್ಕೆ ನನಗೆ ಮೊದಲನೆಯದೇ ಇಷ್ಟ, ಬಾಕಿ ಎಷ್ಟಿದೆ ಅಂತ ಕಣ್ಣಿಗೆ ಕಾಣುತ್ತೆ.

ಈಗ ಸ್ವಲ್ಪ ಜೇಬಿನ ವಿಷಯ. ಮಾರೋರು ಹೇಳೋದು ಹೀಗೆ: "ಅಣ್ಣ, ಬರೀ 6.9 ಪರ್ಸೆಂಟ್ ಬಡ್ಡಿ." ಸುಳ್ಳಲ್ಲ. 68,300 ಬಡ್ಡಿಯನ್ನ ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 22,767. ಅದು 3,31,000ಕ್ಕೆ ಹತ್ತಿರ ಹತ್ತಿರ 6.9 ಪರ್ಸೆಂಟೇ. ಆದರೆ 3,31,000 ನಿಮ್ಮ ಕೈಯಲ್ಲಿ ಮೂರು ವರ್ಷ ಇರಲಿಲ್ಲ. ಒಂದು ವರ್ಷ ಇತ್ತು, ಆಮೇಲೆ 2,31,000, ಆಮೇಲೆ 1,21,000. ವಾಪಸ್ ಕೊಟ್ಟ ದುಡ್ಡಿಗೂ ಬಡ್ಡಿ ಲೆಕ್ಕ ಹಾಕಿದಾಗ ದರ ಕಡಿಮೆ ಕಾಣುತ್ತೆ. ಇದನ್ನ ಫ್ಲಾಟ್ ರೇಟ್ ಅಂತಾರೆ. ನಿಜವಾದ ದರ 10.

ಲೆಕ್ಕ ಬರೆಯೋವಾಗಲೂ ಇದೇ ಗುಂಡಿಗೆ ಬೀಳ್ತಾರೆ. ಬಡ್ಡಿಯನ್ನ ಸಮನಾಗಿ ಮೂರು ಭಾಗ ಮಾಡಿ 22,767ರಂತೆ ಬರೀತಾರೆ. ಮೊದಲ ವರ್ಷ ಬರಬೇಕಾಗಿದ್ದ 33,100ಕ್ಕಿಂತ ಹತ್ತು ಸಾವಿರ ಚಿಲ್ಲರೆ ಕಡಿಮೆ, ಕೊನೆ ವರ್ಷ ಬರಬೇಕಾಗಿದ್ದ 12,100ಕ್ಕಿಂತ ಹತ್ತು ಸಾವಿರ ಚಿಲ್ಲರೆ ಜಾಸ್ತಿ. ಒಟ್ಟು ಸರಿ ಇರುತ್ತೆ, ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಗೊತ್ತಾಗೋದು ಮಧ್ಯದಲ್ಲಿ ಬಾಕಿ ತೀರಿಸೋಕೆ ಹೋದಾಗ. ನಿಮ್ಮ ಪುಸ್ತಕದಲ್ಲಿ ಒಂದು ವರ್ಷದ ಕೊನೆಗೆ 2,20,667 ಬಾಕಿ ಅಂತ ಇರುತ್ತೆ, ಅವರ ಕಾಗದದಲ್ಲಿ 2,31,000 ಅಂತ ಇರುತ್ತೆ. ಆಗ ಕೌಂಟರಿನ ಮುಂದೆ ಜಗಳ. ಹಳೇ ಕಾಲದಲ್ಲಿ ದರ ಗೊತ್ತಿಲ್ಲದಿದ್ದರೆ ಬಡ್ಡಿಯನ್ನ 3, 2, 1ರ ಪಾಲಿನಲ್ಲಿ ಹಂಚುತ್ತಿದ್ದರು. ಇಲ್ಲಿ ಹಾಗೆ ಮಾಡಿದರೆ 34,150, 22,767, 11,383 ಬರುತ್ತೆ. ಸಮ ಪಾಲಿಗಿಂತ ನಿಜಕ್ಕೆ ತುಂಬ ಹತ್ತಿರ. ಈಗ ಫೋನಿನಲ್ಲೇ ಶೀಟ್ ಇದೆಯಲ್ಲ, ಇದನ್ನ ಒತ್ತಿ:

```
=RATE(3,-133100,331000)
```

10% ಅಂತ ಬರುತ್ತೆ. ತಿಂಗಳ ಕಂತಾದರೆ 3ರ ಜಾಗದಲ್ಲಿ 36 ಹಾಕಿ, ನಿಮ್ಮ ತಿಂಗಳ ಕಂತು ಹಾಕಿ, ಬಂದ ಉತ್ತರವನ್ನ 12ರಿಂದ ಗುಣಿಸಿ. ಕಂತಿನ ಮುಂದೆ ಮೈನಸ್ ಮರೀಬೇಡಿ, ಮರೆತರೆ ಸರಿಯಾದ ಉತ್ತರ ಬರಲ್ಲ.

ಕೆಲವು ಸಲ ಕರಾರಿನಲ್ಲಿ ನಗದು ಬೆಲೆಯೇ ಇರಲ್ಲ, ದರ ಮತ್ತು ಕಂತು ಮಾತ್ರ ಇರುತ್ತೆ. ಆಗ ಕೊನೆಯಿಂದ ಹಿಂದಕ್ಕೆ ಬನ್ನಿ. ಕೊನೆ ಕಂತಿನಲ್ಲಿ ಅಸಲು, ಅದರ ಒಂದು ವರ್ಷದ ಬಡ್ಡಿ ಎರಡೂ ಇದೆ. ನೂರು ರೂಪಾಯಿ ಅಸಲಿಗೆ ಹತ್ತು ಬಡ್ಡಿ ಸೇರಿದರೆ ನೂರಾ ಹತ್ತು, ಹಾಗಾಗಿ ಕಂತಿನ ಹನ್ನೊಂದನೇ ಒಂದು ಪಾಲು ಬಡ್ಡಿ. 1,33,100ಕ್ಕೆ 12,100. ಅಸಲು 1,21,000. ಇದಕ್ಕೆ ಎರಡನೇ ಕಂತು ಸೇರಿಸಿ, 2,54,100. ಅದರ ಹನ್ನೊಂದನೇ ಪಾಲು 23,100, ಉಳಿದಿದ್ದು 2,31,000. ಇದಕ್ಕೆ ಮೊದಲ ಕಂತು ಸೇರಿಸಿದರೆ 3,64,100, ಬಡ್ಡಿ 33,100, ಉಳಿದಿದ್ದು 3,31,000. ಮುಂಗಡ 69,000 ಸೇರಿಸಿದರೆ ನಾಲ್ಕು ಲಕ್ಷ. ಮುಂಗಡಕ್ಕೆ ಬಡ್ಡಿ ತೆಗೆಯಬೇಡಿ, ಅದು ಮೊದಲ ದಿನವೇ ಕೊಟ್ಟಿದ್ದು. ಹುಡುಗರು ಪರೀಕ್ಷೆಯಲ್ಲಿ ಎಡವೋದು ಹೆಚ್ಚಾಗಿ ಇಲ್ಲೇ.

ಇನ್ನೊಂದು ಎಡವೋ ಜಾಗ. ಗಾಣ ಏಪ್ರಿಲ್ 1ಕ್ಕೇ ಬರಬೇಕು ಅಂತೇನಿಲ್ಲವಲ್ಲ. ಅಕ್ಟೋಬರ್ 1ಕ್ಕೆ ಬಂತು, ಮೊದಲ ಕಂತು ಮುಂದಿನ ಸೆಪ್ಟೆಂಬರ್ 30ಕ್ಕೆ ಅಂತ ಇಟ್ಟುಕೊಳ್ಳಿ. ಮಾರ್ಚ್ 31ಕ್ಕೆ ಒಂದು ಪೈಸೆ ಕಂತೂ ಕಟ್ಟಿಲ್ಲ. ಹಾಗಂತ ಬಡ್ಡಿ ಇಲ್ಲವಾ? ಆರು ತಿಂಗಳ ಬಡ್ಡಿ 16,550 ಆಗಲೇ ಏರಿದೆ. ಬಡ್ಡಿ ಖಾತೆಗೆ ಡೆಬಿಟ್, ಮಾರಿದವನ ಖಾತೆಗೆ ಕ್ರೆಡಿಟ್. ಬಾಕಿ 3,47,550 ಅಂತ ಕಾಣಬೇಕು. ಇದನ್ನ ಬಿಟ್ಟರೆ ಈ ವರ್ಷ ಬಡ್ಡಿಯೇ ಇಲ್ಲ, ಮುಂದಿನ ವರ್ಷ ಒಂದೂವರೆ ವರ್ಷದ ಬಡ್ಡಿ ಒಟ್ಟಿಗೆ ಬೀಳುತ್ತೆ. ತಡವಾಗಿ ಕಟ್ಟಿದ್ದಕ್ಕೆ ಹಾಕೋ ದಂಡವನ್ನ ಈ ಬಡ್ಡಿಗೆ ಬೆರೆಸಬೇಡಿ, ಗಾಣದ ಬೆಲೆಗಂತೂ ಸೇರಿಸಲೇಬೇಡಿ. ಅದು ಬೇರೆ ಖರ್ಚು.

ಈಗ ಯಾರೂ ಕೇಳೋಕೆ ಇಷ್ಟಪಡದ ಭಾಗ. ಮೊದಲ ಕಂತು ಕಟ್ಟಿದರು. ಎರಡನೇ ವರ್ಷ ನಾಲೆಯಲ್ಲಿ ನೀರಿಲ್ಲ, ಕಬ್ಬಿಲ್ಲ, ಕಂತಿಲ್ಲ. 2024ರ ಮಾರ್ಚ್ 31ಕ್ಕೆ ಮಾರಿದವನು ಗಾಣ ಎತ್ತಿಕೊಂಡು ಹೋದ. ಪುಸ್ತಕದಲ್ಲಿ ಏನು ಬರೀತೀರಿ?

ಮೊದಲು ಆ ವರ್ಷದ ಬಡ್ಡಿ ಬರೀರಿ. ಕಂತು ಕಟ್ಟಿಲ್ಲ ಅಂದರೂ ಬಡ್ಡಿ ಏರಿದೆ. ಮಾರಿದವನ ಬಾಕಿ 2,31,000 ಮತ್ತು 23,100, ಒಟ್ಟು 2,54,100. ಆ ವರ್ಷದ ಸವಕಳಿ 51,000 ಬರೀರಿ, ಗಾಣ 2,89,000ಕ್ಕೆ ಇಳಿಯಿತು. ಈಗ ಎರಡೂ ಖಾತೆ ಮುಚ್ಚಬೇಕು. ಗಾಣ ಹೋಯಿತು, ಜೊತೆಗೆ ಬಾಕಿಯೂ ಹೋಯಿತು. ಮಾರಿದವನ ಖಾತೆಗೆ 2,54,100 ಡೆಬಿಟ್ ಮಾಡಿ ಗಾಣದ ಖಾತೆಗೆ ಕ್ರೆಡಿಟ್ ಮಾಡಿ. ಗಾಣದ ಖಾತೆಯಲ್ಲಿ ಇನ್ನೂ 34,900 ಉಳಿಯುತ್ತೆ. ಅದು ನಷ್ಟ, ಲಾಭ-ನಷ್ಟ ಖಾತೆಗೆ. (ಎತ್ತಿಕೊಂಡು ಹೋದ ಮೇಲೆ ಬಾಕಿ ಚುಕ್ತಾ ಅಂತ ಇಲ್ಲಿ ಹಿಡಿದಿದ್ದೇನೆ. ಮಾರಿ ಬಂದದ್ದು ಸಾಲದಿದ್ದರೆ ಉಳಿದದ್ದು ನೀವು ಕೊಡಬೇಕು ಅಂತ ಕರಾರಿನಲ್ಲಿ ಇದ್ದರೆ ಅಷ್ಟು ಬಾಕಿ ಉಳಿಸಿಕೊಳ್ಳಬೇಕು.)

"34,900 ಅಷ್ಟೇನಾ ನಷ್ಟ? ಎರಡು ಲಕ್ಷ ಕೊಟ್ಟಿದ್ನಲ್ಲ ಸಾ!" ಅಂದರು ಮತ್ತೆ ಅದೇ ಗೌಡ್ರು. ಬನ್ನಿ, ಕೂಡೋಣ. ಎರಡು ವರ್ಷದಲ್ಲಿ ಲಾಭ-ನಷ್ಟಕ್ಕೆ ಹೋಗಿದ್ದು ಏನೇನು? ಸವಕಳಿ 60,000 ಮತ್ತು 51,000, ಅಂದರೆ 1,11,000. ಬಡ್ಡಿ 33,100 ಮತ್ತು 23,100, ಅಂದರೆ 56,200. ಕೊನೆಗೆ ನಷ್ಟ 34,900. ಒಟ್ಟು 2,02,100. ಈಗ ಕೈಯಿಂದ ಹೋದ ದುಡ್ಡು: ಮುಂಗಡ 69,000, ಒಂದು ಕಂತು 1,33,100. ಒಟ್ಟು 2,02,100. ಒಂದು ರೂಪಾಯಿಯೂ ಆಚೀಚೆ ಇಲ್ಲ. ಗಾಣವೂ ಇಲ್ಲ, ಬಾಕಿಯೂ ಇಲ್ಲ ಅಂದಮೇಲೆ ಕೊಟ್ಟಿದ್ದೆಲ್ಲ ಖರ್ಚಾಗಿರಲೇಬೇಕು, ಪುಸ್ತಕ ಅದನ್ನ ಮೂರು ಹೆಸರಲ್ಲಿ ಹೇಳ್ತಾ ಇದೆ ಅಷ್ಟೇ. ಗಾಣ ವಾಪಸ್ ಹೋದ ಯಾವುದೇ ಲೆಕ್ಕ ಸರಿಯಾಗಿದೆಯಾ ಅಂತ ನಾನು ನೋಡೋದು ಈ ಒಂದು ಕೂಡುವಿಕೆಯಿಂದ. ಇವೆರಡು ಹೊಂದಲಿಲ್ಲ ಅಂದರೆ ಸಾಮಾನ್ಯವಾಗಿ ಎತ್ತಿಕೊಂಡು ಹೋದ ವರ್ಷದ ಬಡ್ಡಿಯನ್ನೋ ಸವಕಳಿಯನ್ನೋ ಒಂದೇ ಕಡೆ ಬರೆದು ಇನ್ನೊಂದು ಕಡೆ ಮರೆತಿರ್ತಾರೆ.

ಗೌಡ್ರು ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ. "ಲೆಕ್ಕ ಸರಿ ಸಾ, ಗಾಣ ಹೋಯ್ತಲ್ಲ" ಅಂದರು. ಅದಕ್ಕೆ ನನ್ನ ಹತ್ತಿರ ನಮೂದು ಇಲ್ಲ.

ಕಂತು ಪೂರ್ತಿ ಕಟ್ಟಿದ ಕಥೆಗೆ ವಾಪಸ್ ಬರೋಣ. 2025ರ ಮಾರ್ಚ್ 31ಕ್ಕೆ ಕೊನೆ ಕಂತು ಹೋಯಿತು, ಮಾರಿದವನ ಖಾತೆ ಸೊನ್ನೆ. ಆ ದಿನವೇ ಒಡೆತನ ನಿಮಗೆ ಬಂತು. ಅದಕ್ಕೆ ಪುಸ್ತಕದಲ್ಲಿ ಏನು ಬರೀಬೇಕು? ಏನೂ ಇಲ್ಲ. ಮೂರು ವರ್ಷದಿಂದ ನಿಮ್ಮದು ಅಂತಲೇ ಬರೀತಾ ಬಂದಿದ್ದೀರಿ. "ಬಾಡಿಗೆ ಖರೀದಿಯ ಮೇಲೆ" ಅನ್ನೋ ಮಾತು ಹೊಡೆದು ಹಾಕಿ, ಸವಕಳಿ ಎಂದಿನ ಹಾಗೆ ಮುಂದುವರಿಸಿ.

ಗಾಣಕ್ಕೆ ಅಷ್ಟು ಸಾಕು. ವಾಹನಕ್ಕೆ ಸಾಲಲ್ಲ ಅನ್ನೋದು ಮಾತು ಮುಗಿದ ಮೇಲೆ ಗೊತ್ತಾಯಿತು. ಮದ್ದೂರು ಕಡೆಯಿಂದ ಎಳನೀರು ಸಾಗಿಸೋ ಒಬ್ಬರು ಬಂದು, ತಮ್ಮ ಗೂಡ್ಸ್ ಆಟೋದ ಆರ್.ಸಿ. ತೋರಿಸಿದರು. ಕಂತು ಮುಗಿದು ಎಷ್ಟೋ ಕಾಲ ಆಗಿದೆಯಂತೆ, ಪುಸ್ತಕದಲ್ಲಿ ಬಾಕಿ ಸೊನ್ನೆ, ಆದರೆ ಆರ್.ಸಿ.ಯಲ್ಲಿ ಇನ್ನೂ ಸಾಲ ಕೊಟ್ಟವರ ಹೆಸರು ಹಾಗೇ ಕೂತಿದೆ. ಮಾರೋಕೆ ಹೋದಾಗ ಗಿರಾಕಿ ವಾಪಸ್ ಹೋದನಂತೆ. ವಾಹನ ಬಾಡಿಗೆ ಖರೀದಿಯದ್ದಾಗಲಿ, ಈಗ ಹೆಚ್ಚಾಗಿ ಇರೋ ಹಾಗೆ ಅಡಮಾನದ ಸಾಲದ್ದಾಗಲಿ, ಆರ್.ಸಿ.ಯಲ್ಲಿ ಬರೆದದ್ದು ತಾನಾಗೇ ಅಳಿಸಿ ಹೋಗಲ್ಲ. ಸಾಲ ಕೊಟ್ಟವರಿಂದ ಬಾಕಿ ಇಲ್ಲ ಅನ್ನೋ ಪತ್ರ ತಗೊಂಡು, ಅವರೂ ನೀವೂ ಸಹಿ ಹಾಕಿದ ಫಾರಂ 35 ಜೊತೆ ಆರ್.ಟಿ.ಓ.ಗೆ ಕೊಡಬೇಕು. "ಪತ್ರ ಅವಾಗ್ಲೇ ಕೊಟ್ಟಿದ್ರು ಸಾರ್, ಎಲ್ಲೋ ಬೀರುನಲ್ಲಿ ಇದೆ" ಅಂದರು. ಹುಡುಕಿ ಅಣ್ಣ ಅಂದೆ, ಆದರೆ ಅದರ ಮೇಲಿನ ತಾರೀಖು ನೋಡಿ, ತುಂಬ ಹಳೇದಾಗಿದ್ದರೆ ಹೊಸದು ಕೇಳಬಹುದು. ಅಲ್ಲೇ ನಿಂತು ಹೆಂಡತಿಗೆ ಫೋನ್ ಮಾಡಿ, ಬೀರುವಿನ ಯಾವ ಖಾನೆ ಅಂತ ಹೇಳೋಕೆ ಶುರು ಮಾಡಿದರು.